ಮೆಣಸಿಗೆ ಒಂದು ದಾರಿ, ಕಬ್ಬಿನ ಹಾಲಿಗೆ ಇನ್ನೊಂದು

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಹನ್ನೆರಡು ಹೆಂಗಸರು ಸೇರಿ ಸ್ವಸಹಾಯ ಸಂಘ ಮಾಡಿಕೊಂಡು ಮುರುಗಲು ಸಿರಪ್, ಮಿಡಿ ಉಪ್ಪಿನಕಾಯಿ, ಕಾಳುಮೆಣಸಿನ ಪುಡಿ ತಯಾರಿಸುತ್ತೇವೆ. ಸಾಗರ, ತೀರ್ಥಹಳ್ಳಿಯ ಅಂಗಡಿಗಳಿಗೆ ಕೊಡುತ್ತೇವೆ. ಈ ವರ್ಷ ಬೆಂಗಳೂರಿನ ವ್ಯಾಪಾರಿಯೊಬ್ಬರು ದೊಡ್ಡ ಆರ್ಡರ್ ಕೊಡಲು ಮುಂದೆ ಬಂದರು. ಆದರೆ ಮೆಣಸಿನ ಪುಡಿಯನ್ನು ಲ್ಯಾಬಿಗೆ ಕಳಿಸಿದಾಗ ಸೂಕ್ಷ್ಮಾಣುಗಳ ಸಂಖ್ಯೆ ಹೆಚ್ಚಿದೆ ಎಂದು ವರದಿ ಬಂತು. ‘ಇರಾಡಿಯೇಷನ್ ಮಾಡಿಸಿ, ಸರಿಹೋಗುತ್ತದೆ’ ಎಂದರು ಅವರು. ಇನ್ನೊಬ್ಬರು ‘ಈಗ ಎಚ್‌ಪಿಪಿ ಎಂಬ ಹೊಸ ಯಂತ್ರ ಬಂದಿದೆ, ಬೆಂಕಿಯೂ ಬೇಡ, ವಿಕಿರಣವೂ ಬೇಡ, ಬರೀ ಒತ್ತಡ. ಎಲ್ಲವನ್ನೂ ಅದರಲ್ಲೇ ಮಾಡಿಸಿ’ ಎನ್ನುತ್ತಾರೆ. ಬೇಸಿಗೆಗೆ ಮುರುಗಲು ಪಾನಕವನ್ನೂ ಆಲೆಮನೆಯ ಕಬ್ಬಿನ ಹಾಲನ್ನೂ ಬಾಟಲಿಯಲ್ಲಿ ಕೊಡುವ ಯೋಚನೆಯೂ ನಮಗಿದೆ. ನಮ್ಮ ಅತ್ತೆ ಮಾತ್ರ ‘ಅಣುವಿನ ಕಿರಣ ಬಿದ್ದ ಮೆಣಸನ್ನು ನಾನು ಸಾರಿಗೆ ಹಾಕುವುದಿಲ್ಲ, ಮಕ್ಕಳಿಗೂ ಕೊಡುವುದಿಲ್ಲ’ ಎಂದು ಕೂತಿದ್ದಾರೆ. ಎರಡರಲ್ಲಿ ಯಾವುದು ಕ್ರಿಮಿಗಳನ್ನು ಚೆನ್ನಾಗಿ ಕೊಲ್ಲುತ್ತದೆ? ಯಾವುದರಲ್ಲಿ ಸತ್ವ ಉಳಿಯುತ್ತದೆ? ನಾವು ಯಾವುದನ್ನು ಆರಿಸಿಕೊಳ್ಳಬೇಕು?

— ಹೊಸನಗರದ ಓದುಗರು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡರಲ್ಲಿ ಯಾವುದು ಮೇಲು ಎಂದು ನೀವು ಕೇಳಿದ್ದೀರಿ. ಆದರೆ ಈ ಎರಡೂ ಒಂದೇ ಕೆಲಸಕ್ಕೆ ಬಂದ ಎದುರಾಳಿಗಳಲ್ಲ. ನಿಮ್ಮ ಮುಂದಿರುವ ಪದಾರ್ಥದಲ್ಲಿ ನೀರು ಇದೆಯೋ ಇಲ್ಲವೋ ಎಂಬುದೇ ಇಲ್ಲಿ ಎಲ್ಲವನ್ನೂ ತೀರ್ಮಾನಿಸುತ್ತದೆ. ಒತ್ತಡ ಕೆಲಸ ಮಾಡಬೇಕಾದರೆ ನೀರು ಬೇಕೇ ಬೇಕು. ವಿಕಿರಣ ಸತ್ವವನ್ನು ಕೆಡಿಸದೆ ಕೆಲಸ ಮಾಡಬೇಕಾದರೆ ನೀರು ಕಡಿಮೆ ಇದ್ದಷ್ಟೂ ಒಳ್ಳೆಯದು. ಈ ಒಂದು ಮಾತನ್ನು ಕೈಯಲ್ಲಿ ಹಿಡಿದುಕೊಂಡರೆ ನಿಮ್ಮ ಮೆಣಸಿನ ಚೀಲಕ್ಕೂ ಕಬ್ಬಿನ ಹಾಲಿನ ಬಾಟಲಿಗೂ ಬೇರೆ ಬೇರೆ ಉತ್ತರ ತಾನಾಗಿಯೇ ಸಿಗುತ್ತದೆ.

ಒತ್ತಡ ಏನು ಮಾಡುತ್ತದೆ

ನಿಮಗೆ ಲಿಂಗನಮಕ್ಕಿ ಗೊತ್ತು. ಸುಮಾರು 60 ಮೀಟರ್ ಆಳದ ನೀರಿನ ತಳದಲ್ಲಿ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಬೀಳುವ ನೀರಿನ ಭಾರ ಸುಮಾರು 6 ಕಿಲೋ. ಎಚ್‌ಪಿಪಿ ಯಂತ್ರದಲ್ಲಿ ಅಷ್ಟೇ ಜಾಗದ ಮೇಲೆ ಬೀಳುವುದು 6 ಟನ್, ಅಂದರೆ ಅದರ ಸಾವಿರ ಪಟ್ಟು. ಸಕ್ರೆಬೈಲಿನ ದೊಡ್ಡ ಸಲಗದ ಇಡೀ ತೂಕವನ್ನು ಒಂದು ಉಗುರಿನ ಅಗಲಕ್ಕೆ ಇಳಿಸಿದರೂ ಅದಕ್ಕಿಂತ ಕಡಿಮೆಯೇ ಆಗುತ್ತದೆ. ಈ ಒತ್ತಡವನ್ನು ತಂತ್ರಜ್ಞರು 600 ಮೆಗಾಪಾಸ್ಕಲ್ ಎನ್ನುತ್ತಾರೆ.

ಕೆಲಸ ನಡೆಯುವ ಕ್ರಮ ಸರಳ. ಪಾನೀಯವನ್ನು ಪ್ಲಾಸ್ಟಿಕ್ ಬಾಟಲಿಗೆ ತುಂಬಿ ಮುಚ್ಚಳ ಬಿಗಿಯುತ್ತಾರೆ. ಗಾಜಿನ ಬಾಟಲಿ ನಡೆಯದು, ಅದಕ್ಕೆ ಬಾಗುವ ಗುಣವಿಲ್ಲ, ಒಡೆದುಹೋಗುತ್ತದೆ. ಬಾಟಲಿಗಳನ್ನು ದಪ್ಪ ಉಕ್ಕಿನ ಕೊಳವೆಯೊಳಗೆ ಇಟ್ಟು, ಸುತ್ತ ತಣ್ಣೀರು ತುಂಬಿ, ಪಂಪಿನಿಂದ ಇನ್ನಷ್ಟು ನೀರನ್ನು ಒಳಕ್ಕೆ ನೂಕುತ್ತಾರೆ. ಒತ್ತಡ ಎಲ್ಲ ದಿಕ್ಕಿನಿಂದಲೂ ಒಂದೇ ಸಮ ಬೀಳುವುದರಿಂದ ಬಾಟಲಿ ಒಡೆಯುವುದಿಲ್ಲ. ಒಳಗಿನ ದ್ರವ ನೂರಕ್ಕೆ ಹದಿನೈದರಷ್ಟು ಕುಗ್ಗಿ, ಒತ್ತಡ ಬಿಟ್ಟೊಡನೆ ಮೊದಲಿನ ಗಾತ್ರಕ್ಕೆ ಮರಳುತ್ತದೆ. ಪಾನೀಯದ ಬಿಸಿ 18 ಡಿಗ್ರಿಯಷ್ಟು ಏರಿ ಮತ್ತೆ ಇಳಿಯುತ್ತದೆ, ಅಷ್ಟೇ. ಇದೆಲ್ಲ ಮುಗಿಯಲು ಒತ್ತಡದಲ್ಲಿ ಮೂರು ನಿಮಿಷ ಇಟ್ಟರೆ ಸಾಕು.

ಆ ಮೂರು ನಿಮಿಷದಲ್ಲಿ ಬ್ಯಾಕ್ಟೀರಿಯಾದ ಹೊರಪೊರೆ ಸೋರಲು ಶುರುವಾಗುತ್ತದೆ, ಅದರ ಪ್ರೋಟೀನುಗಳ ಮಡಿಕೆ ಬಿಚ್ಚಿಹೋಗುತ್ತದೆ, ಜೀವ ಹೋಗುತ್ತದೆ. ಭೇದಿ ತರುವ ಸಾಲ್ಮೊನೆಲ್ಲಾ, ಇ-ಕೋಲೈ, ಪಾನಕವನ್ನು ಹುಳಿಯಿಸುವ ಈಸ್ಟ್ ಎಲ್ಲವೂ ಇದಕ್ಕೆ ಬಗ್ಗುತ್ತವೆ. ಲಕ್ಷದಲ್ಲಿ ಒಂದು ಉಳಿಯುವ ಮಟ್ಟಕ್ಕೆ ಅವುಗಳನ್ನು ಇಳಿಸಬಹುದು.

ಸತ್ವದ ವಿಷಯಕ್ಕೆ ಬಂದರೆ ಇಲ್ಲೇ ಒತ್ತಡದ ನಿಜವಾದ ಹೆಚ್ಚುಗಾರಿಕೆ ಇದೆ. ಪ್ರೋಟೀನಿನಂಥ ದೊಡ್ಡ ಅಣುಗಳ ಮಡಿಕೆಯನ್ನು ಹಿಡಿದಿಡುವ ದುರ್ಬಲ ಬಂಧಗಳನ್ನು ಒತ್ತಡ ಬಿಡಿಸುತ್ತದೆ. ಆದರೆ ಸಿ ಜೀವಸತ್ವ, ಮುರುಗಲಿನ ಕೆಂಪು ಬಣ್ಣ, ಪರಿಮಳದ ಎಣ್ಣೆ ಇವೆಲ್ಲ ಚಿಕ್ಕ ಅಣುಗಳು. ಅವುಗಳ ಒಳಗಿನ ಗಟ್ಟಿ ಬಂಧವನ್ನು 600 ಮೆಗಾಪಾಸ್ಕಲ್ ಮುಟ್ಟುವುದೂ ಇಲ್ಲ. ಒಲೆಯ ಮೇಲೆ ಕುದಿಸಿದ ರಸಕ್ಕೂ ಇದಕ್ಕೂ ರುಚಿಯಲ್ಲಿ ಇರುವ ವ್ಯತ್ಯಾಸ ಅದರಿಂದಲೇ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳಾದ ಎನ್. ಕೆ. ರಸ್ತೋಗಿ ಮತ್ತು ಕೆ. ಎಸ್. ಎಂ. ಎಸ್. ರಾಘವರಾವ್ ಹೊರದೇಶದ ಸಹೋದ್ಯೋಗಿಗಳೊಂದಿಗೆ 2007ರಲ್ಲಿ ಈ ವಿಧಾನದ ಅನುಕೂಲ, ಅಡಚಣೆ ಎರಡನ್ನೂ ವಿವರವಾಗಿ ಪರಿಶೀಲಿಸಿ ಬರೆದಿದ್ದಾರೆ. ಅಂದರೆ ಇದು ನಮ್ಮ ನಾಡಿನಲ್ಲಿ ಗೊತ್ತಿಲ್ಲದ ವಿದ್ಯೆಯೇನಲ್ಲ.

ಇನ್ನು ಅಡಚಣೆ. ಕೆಲವು ಬ್ಯಾಕ್ಟೀರಿಯಾಗಳು ಕಷ್ಟಕಾಲ ಬಂದಾಗ ಸ್ಪೋರ್ ಎಂಬ ಗಟ್ಟಿ ಬೀಜದ ರೂಪ ತಾಳುತ್ತವೆ. ಒಳಗಿನ ನೀರನ್ನು ಬಹುಪಾಲು ಹೊರಹಾಕಿ, ಮೇಲೆ ಪದರದ ಮೇಲೆ ಪದರ ಹೊದ್ದು ಮಲಗಿಬಿಡುತ್ತವೆ. ಒಳಗೆ ನೀರೇ ಇಲ್ಲದ ಮೇಲೆ ಒತ್ತಡಕ್ಕೆ ಅಲ್ಲಿ ಹಿಡಿತವಿಲ್ಲ. ತಣ್ಣಗಿನ ನೀರಿನಲ್ಲಿ 600 ಅಲ್ಲ, 1000 ಮೆಗಾಪಾಸ್ಕಲ್ ಕೊಟ್ಟರೂ ಸ್ಪೋರ್ ಹಾಗೇ ಉಳಿಯಬಹುದು.

ಒಣ ಕಾಳುಮೆಣಸಿನ ಕಥೆಯೂ ಇದೇ. ಚೆನ್ನಾಗಿ ಒಣಗಿದ ಮೆಣಸಿನಲ್ಲಿ ತೇವಾಂಶ ನೂರಕ್ಕೆ ಹನ್ನೊಂದರ ಆಸುಪಾಸು. ಅಂಥ ಒಣ ಜಾಗದಲ್ಲಿ ಸ್ಪೋರ್ ಮಾತ್ರವಲ್ಲ, ನೀರಿನಲ್ಲಿದ್ದರೆ ಸುಲಭವಾಗಿ ಸಾಯುವ ಸಾಲ್ಮೊನೆಲ್ಲಾ ಕೂಡ ಒತ್ತಡವನ್ನು ತಡೆದುಕೊಂಡುಬಿಡುತ್ತದೆ. ಜೊತೆಗೆ ಪುಡಿಯ ಪೊಟ್ಟಣದೊಳಗಿನ ಗಾಳಿ ಕುಗ್ಗಿ, ಪೊಟ್ಟಣ ಮುದ್ದೆಯಾಗಿ ಹೊರಬರುತ್ತದೆ. ಹೀಗಾಗಿ ‘ಎಲ್ಲವನ್ನೂ ಎಚ್‌ಪಿಪಿಯಲ್ಲೇ ಮಾಡಿಸಿ’ ಎಂದವರ ಮಾತು ಮೆಣಸಿನ ಮಟ್ಟಿಗೆ ತಪ್ಪು. ಅವರ ಮಾತು ಕೇಳಿ ಮೆಣಸಿನ ಪುಡಿಯನ್ನು ಅಲ್ಲಿಗೆ ಕಳಿಸಿದರೆ ಹಣ ಹೋಗುತ್ತದೆ, ಲ್ಯಾಬಿನ ವರದಿ ಮಾತ್ರ ಬದಲಾಗುವುದಿಲ್ಲ.

ಮೆಣಸಿಗೆ ವಿಕಿರಣ: ಒಂದು ಲೆಕ್ಕ

ಮೆಣಸಿನಲ್ಲಿ ಅಷ್ಟೊಂದು ಸೂಕ್ಷ್ಮಾಣು ಎಲ್ಲಿಂದ ಬಂತು ಎಂದು ನಿಮಗೆ ಬೇಸರವಾಗಿರಬಹುದು. ಇದು ನಿಮ್ಮ ಸಂಘದ ಕೊಳಕಲ್ಲ. ಬಳ್ಳಿಯಿಂದ ಇಳಿಸಿದ ಗೊಂಚಲನ್ನು ಕಾಲಲ್ಲಿ ತುಳಿದು ಕಾಳು ಬಿಡಿಸುತ್ತೇವೆ, ಅಂಗಳದಲ್ಲಿ ಹರವುತ್ತೇವೆ. ಮಣ್ಣು, ಸಗಣಿ ಸಾರಿಸಿದ ನೆಲ, ಕೋಳಿ, ಹಕ್ಕಿ, ಸಂಜೆಯ ಇಬ್ಬನಿ ಎಲ್ಲ ಅಲ್ಲಿರುತ್ತವೆ. ಕಾಳಿನ ಸುಕ್ಕುಸುಕ್ಕಾದ ಸಿಪ್ಪೆಯ ಒಂದೊಂದು ಗೆರೆಯೂ ಮಣ್ಣಿನ ಸೂಕ್ಷ್ಮಾಣುಗಳಿಗೆ ಮನೆ. ಸಂಸ್ಕರಿಸದ ಮೆಣಸಿನ ಒಂದು ಗ್ರಾಂನಲ್ಲಿ ಹತ್ತು ಲಕ್ಷ ಸೂಕ್ಷ್ಮಾಣು ಸಿಗುವುದು ಪ್ರಪಂಚದ ಯಾವ ಮೆಣಸಿನ ನಾಡಿನಲ್ಲೂ ಅಪರೂಪವಲ್ಲ. ಲ್ಯಾಬಿನಲ್ಲಿ ಅಂಥ ಮೆಣಸು ತೊಳೆದ ನೀರನ್ನು ಸೂಕ್ಷ್ಮಾಣು ಬೆಳೆಸುವ ತಟ್ಟೆಗೆ ಸವರಿ ಒಂದು ರಾತ್ರಿ ಬೆಚ್ಚಗಿಟ್ಟರೆ, ಬೆಳಿಗ್ಗೆ ತಟ್ಟೆಯ ತುಂಬ ಬಿಳಿ ಚುಕ್ಕೆಗಳು ಒಂದಕ್ಕೊಂದು ಅಂಟಿಕೊಂಡು ಎಣಿಸಲೂ ಆಗದಂತೆ ಹಬ್ಬಿರುತ್ತವೆ. ನಾನು ಅದನ್ನು ಎಷ್ಟೋ ಸಲ ನೋಡಿದ್ದೇನೆ.

ಅವುಗಳಲ್ಲಿ ಬಹುಪಾಲು ಬ್ಯಾಸಿಲಸ್ ಜಾತಿಯ ಸ್ಪೋರುಗಳು. ಸಾರಿಗೆ ಹಾಕಿ ಕುದಿಸಿದರೂ ಸಾಯವು. ಕುದಿಸಿದ ಅನ್ನ, ಸಾರನ್ನು ರಾತ್ರಿಯಿಡೀ ಹೊರಗಿಟ್ಟರೆ ಎಚ್ಚರಗೊಂಡು ಬೆಳೆಯುತ್ತವೆ. ಸಾಲ್ಮೊನೆಲ್ಲಾ ಕುದಿಗೆ ಸಾಯುತ್ತದೆ, ಆದರೆ ಸೌತೆಕಾಯಿಯ ಮೇಲೆ, ಮಜ್ಜಿಗೆಯಲ್ಲಿ, ಕೋಸಂಬರಿಯಲ್ಲಿ ನಾವು ಮೆಣಸಿನ ಪುಡಿಯನ್ನು ಹಸಿಯಾಗಿಯೇ ಉದುರಿಸುತ್ತೇವಲ್ಲ, ಅಪಾಯ ಇರುವುದು ಅಲ್ಲಿ. 2009–10ರಲ್ಲಿ ಅಮೆರಿಕದಲ್ಲಿ ಮೆಣಸು ಸವರಿದ ಮಾಂಸದ ತಿಂಡಿ ತಿಂದು ಇನ್ನೂರಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದಾಗ, ಸಾಲ್ಮೊನೆಲ್ಲಾದ ಜಾಡು ಹಿಡಿದು ಹೋದವರು ಕೊನೆಗೆ ಮುಟ್ಟಿದ್ದು ಮೆಣಸನ್ನೇ.

ಈಗ ವಿಕಿರಣ. ಕೋಬಾಲ್ಟ್-60 ಎಂಬ ಲೋಹವನ್ನು ಉಕ್ಕಿನ ಕೋಲುಗಳಲ್ಲಿ ಬಿಗಿಯಾಗಿ ಮುಚ್ಚಿರುತ್ತಾರೆ. ಕೆಲಸವಿಲ್ಲದಾಗ ಆ ಕೋಲುಗಳು ಆಳವಾದ ನೀರಿನ ತೊಟ್ಟಿಯಲ್ಲಿರುತ್ತವೆ. ಕೆಲಸದ ಹೊತ್ತಿಗೆ ದಪ್ಪ ಕಾಂಕ್ರೀಟ್ ಗೋಡೆಯ ಕೋಣೆಯಲ್ಲಿ ಮೇಲೆ ಬರುತ್ತವೆ. ಮೆಣಸಿನ ಪೆಟ್ಟಿಗೆಗಳು ಸಾಗುಪಟ್ಟಿಯ ಮೇಲೆ ಅವುಗಳ ಸುತ್ತ ಹಾದುಹೋಗುತ್ತವೆ. ಲೋಹ ಮೆಣಸನ್ನು ಮುಟ್ಟುವುದೇ ಇಲ್ಲ. ಗಾಮಾ ಕಿರಣ ಮಾತ್ರ ಪೆಟ್ಟಿಗೆ, ಪೊಟ್ಟಣ, ಕಾಳು ಎಲ್ಲವನ್ನೂ ಹಾದು, ಸೂಕ್ಷ್ಮಾಣುವಿನ ಡಿಎನ್‌ಎ ಎಳೆಯನ್ನು ತುಂಡರಿಸುತ್ತದೆ. ಡಿಎನ್‌ಎ ತುಂಡಾದ ಜೀವಿ ಮರಿ ಹಾಕಲಾರದು. ಸ್ಪೋರ್ ಮಲಗಿದ್ದರೂ ಅದರ ಡಿಎನ್‌ಎ ಒಳಗೇ ಇದೆಯಲ್ಲ, ಅದರಿಂದಾಗಿ ಒತ್ತಡಕ್ಕೆ ಬಗ್ಗದ ಸ್ಪೋರ್ ಕೂಡ ವಿಕಿರಣಕ್ಕೆ ಬಗ್ಗುತ್ತದೆ. ಬೇಗ ಅಲ್ಲ, ಆದರೆ ಬಗ್ಗುತ್ತದೆ.

ಎಷ್ಟು ಎಂಬುದನ್ನು ಒಂದು ಲೆಕ್ಕದಿಂದ ನೋಡೋಣ. ಪ್ರಮಾಣವನ್ನು ಕಿಲೋಗ್ರೇ ಎಂಬ ಅಳತೆಯಲ್ಲಿ ಹೇಳುತ್ತಾರೆ. ಮಸಾಲೆ ಪದಾರ್ಥಗಳ ಸೂಕ್ಷ್ಮಾಣು ತಗ್ಗಿಸಲು ನಮ್ಮ ದೇಶದ ನಿಯಮ ಗೊತ್ತುಮಾಡಿರುವುದು 6ರಿಂದ 14 ಕಿಲೋಗ್ರೇ. ಸಾಲ್ಮೊನೆಲ್ಲಾ ಸಂಖ್ಯೆ ಹತ್ತರಲ್ಲಿ ಒಂದು ಪಾಲಿಗೆ ಇಳಿಯಲು ಸುಮಾರು 0.6 ಕಿಲೋಗ್ರೇ ಬೇಕು ಎಂದಿಟ್ಟುಕೊಳ್ಳಿ. 6 ಕಿಲೋಗ್ರೇ ಕೊಟ್ಟರೆ ಅದು ಹತ್ತು ಸಲ ಹತ್ತನೇ ಒಂದಕ್ಕೆ ಇಳಿಯುತ್ತದೆ. ಗ್ರಾಂಗೆ ಸಾವಿರ ಇದ್ದದ್ದು, ಹತ್ತು ಟನ್ ಮೆಣಸನ್ನು ಜಾಲಾಡಿದರೆ ಒಂದು ಸಿಗಬಹುದು ಎಂಬಲ್ಲಿಗೆ ಬರುತ್ತದೆ. ಸ್ಪೋರಿಗಾದರೋ ಪ್ರತಿ ಇಳಿತಕ್ಕೆ ಸುಮಾರು 2 ಕಿಲೋಗ್ರೇ ಬೇಕು. ಅದೇ 6 ಕಿಲೋಗ್ರೇಗೆ ಮೂರೇ ಇಳಿತ. ಗ್ರಾಂಗೆ ಹತ್ತು ಲಕ್ಷ ಇದ್ದದ್ದು ಸಾವಿರಕ್ಕೆ ಬರುತ್ತದೆ. 10 ಕಿಲೋಗ್ರೇ ಕೊಟ್ಟರೆ ಹತ್ತಕ್ಕೆ ಇಳಿಯುತ್ತದೆ.

ಈ ಲೆಕ್ಕದಲ್ಲಿ ನಿಮಗೆ ಬೇಕಾದ ಒಂದು ಪಾಠವಿದೆ. ಮೊದಲೇ ಎಷ್ಟು ಇತ್ತು ಎಂಬುದರ ಮೇಲೆ ಕೊನೆಗೆ ಎಷ್ಟು ಉಳಿಯುತ್ತದೆ ಎಂಬುದು ನಿಂತಿದೆ. ಅಂಗಳದಲ್ಲೇ ಹತ್ತು ಲಕ್ಷವನ್ನು ಹತ್ತು ಸಾವಿರಕ್ಕೆ ಇಳಿಸಿ ಕಳಿಸಿದರೆ, ಅದೇ 6 ಕಿಲೋಗ್ರೇಗೆ ಉಳಿಯುವುದು ಬರೀ ಹತ್ತು. ಕೊಳಕು ಮೆಣಸಿಗೆ ಹೆಚ್ಚು ಪ್ರಮಾಣ ಕೊಡಬೇಕಾಗುತ್ತದೆ, ಹೆಚ್ಚು ಪ್ರಮಾಣ ಕೊಟ್ಟಷ್ಟೂ ಪರಿಮಳದ ಮೇಲೆ ಅದರ ಗುರುತು ಬೀಳುತ್ತದೆ.

ಅತ್ತೆಯವರ ಪ್ರಶ್ನೆಗೆ

ನಿಮ್ಮ ಅತ್ತೆಯವರ ಭಯವನ್ನು ತಳ್ಳಿಹಾಕಬೇಡಿ. ಅಣು ಎಂಬ ಮಾತಿನ ಹಿಂದೆ ಬಾಂಬಿನ ನೆನಪಿದೆ, ಅದು ಸಹಜ. ಅವರಿಗೆ ಹೀಗೆ ಹೇಳಿ: ಅಂಗಳದಲ್ಲಿ ದಿನವಿಡೀ ಬಿಸಿಲಿಗೆ ಬಿದ್ದ ಅಡಿಕೆ ಸೂರ್ಯನಾಗುವುದಿಲ್ಲ. ಕೈ ಮುರಿದು ಎಕ್ಸ್‌ರೇ ತೆಗೆಸಿಕೊಂಡವರ ಪಕ್ಕ ಮಲಗಲು ಯಾರೂ ಹೆದರುವುದಿಲ್ಲ. ಒಂದು ಪದಾರ್ಥವೇ ವಿಕಿರಣ ಸೂಸತೊಡಗಬೇಕಾದರೆ ಅದರ ಪರಮಾಣುಗಳ ನ್ಯೂಕ್ಲಿಯಸ್ ಬದಲಾಗಬೇಕು. ಅದಕ್ಕೆ ಬೇಕಾದಷ್ಟು ಶಕ್ತಿ ಕೋಬಾಲ್ಟ್-60ರ ಗಾಮಾ ಕಿರಣಕ್ಕಿಲ್ಲ. ಕಿರಣ ಬಂತು, ಹಾದುಹೋಯಿತು, ಮೆಣಸಿನಲ್ಲಿ ಉಳಿಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ, ಆಹಾರ ಮತ್ತು ಕೃಷಿ ಸಂಸ್ಥೆ, ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಗಳ ಜಂಟಿ ತಜ್ಞ ಸಮಿತಿ 1980ರಲ್ಲೇ 10 ಕಿಲೋಗ್ರೇವರೆಗೆ ವಿಕಿರಣ ಪಡೆದ ಆಹಾರದಿಂದ ವಿಷದ ಅಪಾಯವಿಲ್ಲ ಎಂಬ ತೀರ್ಮಾನಕ್ಕೆ ಬಂದಿತ್ತು. ನಮ್ಮ ದೇಶ 1994ರಲ್ಲಿ ಈರುಳ್ಳಿ, ಆಲೂಗಡ್ಡೆ, ಮಸಾಲೆಗಳಿಗೆ ಅನುಮತಿ ಕೊಟ್ಟಿತು.

ಹಾಗೆಂದು ವಿಕಿರಣ ಏನನ್ನೂ ಬದಲಾಯಿಸುವುದಿಲ್ಲ ಎಂದು ಅವರಿಗೆ ಹೇಳಬೇಡಿ, ಅದು ಸುಳ್ಳಾಗುತ್ತದೆ. ಕಿರಣ ನೀರಿನ ಅಣುವಿಗೆ ಬಡಿದರೆ ಅದು ಒಡೆದು, ಕ್ಷಣಮಾತ್ರ ಬದುಕುವ, ಸಿಕ್ಕಿದ್ದನ್ನೆಲ್ಲ ಹಿಡಿದುಕೊಳ್ಳುವ ಚೂರುಗಳಾಗುತ್ತದೆ. ಆ ಚೂರುಗಳು ಸಿ ಜೀವಸತ್ವ, ಬಿ1, ಎ, ಇ ಜೀವಸತ್ವಗಳನ್ನು ತಿನ್ನುತ್ತವೆ, ಕೊಬ್ಬಿಗೆ ಕಮಟು ವಾಸನೆ ತರುತ್ತವೆ. ಆಹಾರದಲ್ಲಿ ನೀರು ಹೆಚ್ಚಿದ್ದಷ್ಟೂ ಚೂರುಗಳು ಹೆಚ್ಚು, ಅವು ಓಡಾಡಲು ಜಾಗವೂ ಹೆಚ್ಚು. ಮುರುಗಲು ಪಾನಕಕ್ಕೆ ಕೆಲವು ಕಿಲೋಗ್ರೇ ಕೊಟ್ಟರೆ ಅದರ ಕೆಂಪು ಮಂಕಾಗಿ, ರುಚಿ ಬೇರೆಯಾಗುವುದು ಇದರಿಂದ. ಒಣ ಮೆಣಸಿನಲ್ಲಿ ನೀರೇ ಕಡಿಮೆ, ಚೂರು ಹುಟ್ಟುವುದೂ ಕಡಿಮೆ, ಹುಟ್ಟಿದ್ದೂ ಇದ್ದಲ್ಲೇ ಅಡಗುತ್ತದೆ. ಮೆಣಸಿನ ಖಾರ ಕೊಡುವ ಪೈಪರಿನ್ ಈ ಪ್ರಮಾಣಗಳಿಗೆ ಜಗ್ಗುವುದಿಲ್ಲ. ಇನ್ನು ಜೀವಸತ್ವದ ಮಾತು: ದಿನಕ್ಕೆ ಒಂದೆರಡು ಗ್ರಾಂ ತಿನ್ನುವ ಮೆಣಸಿನಿಂದ ಯಾರ ಮನೆಯಲ್ಲೂ ಸಿ ಜೀವಸತ್ವ ತುಂಬಿಕೊಳ್ಳುವುದಿಲ್ಲ. ಅದು ನಿಂಬೆಯಿಂದ, ನೆಲ್ಲಿಕಾಯಿಯಿಂದ ಬರುವುದು. ಮೆಣಸಿನಲ್ಲಿ ನಾವು ಕಾಯಬೇಕಾದದ್ದು ಖಾರ ಮತ್ತು ಪರಿಮಳ. ಅವನ್ನು ವಿಕಿರಣ ತಿನ್ನುವುದಕ್ಕಿಂತ, ಪುಡಿ ಮಾಡಿ ಸಡಿಲ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇಡುವ ಅಭ್ಯಾಸವೇ ಹೆಚ್ಚು ತಿನ್ನುತ್ತದೆ.

ಮುರುಗಲು ಮತ್ತು ಕಬ್ಬಿನ ಹಾಲು

ಒತ್ತಡದ ಜಾಗ ಇದು. ಆದರೆ ನಿಮ್ಮ ಎರಡು ಪಾನೀಯಗಳು ಒಂದೇ ಬಗೆಯವಲ್ಲ.

ಮುರುಗಲು ಬಹಳ ಹುಳಿ. ಹುಳಿಯನ್ನು ಪಿಎಚ್ ಎಂಬ ಅಂಕಿಯಲ್ಲಿ ಅಳೆಯುತ್ತಾರೆ, ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು. 4.6 ಎಂಬುದು ಇಲ್ಲಿ ಗಡಿಗಲ್ಲು. ಅದಕ್ಕಿಂತ ಕೆಳಗಿದ್ದರೆ ಬಾಟ್ಯುಲಿಸಂ ಎಂಬ ಮಾರಕ ಕಾಯಿಲೆ ತರುವ ಕ್ಲಾಸ್ಟ್ರಿಡಿಯಂ ಸ್ಪೋರ್ ಇದ್ದರೂ ಮೊಳೆತು ಬೆಳೆಯಲಾರದು. ಮುರುಗಲು ರಸಕ್ಕೆ ನೀರು ಬೆರೆಸಿ ಪಾನಕ ಮಾಡಿದರೂ ಅದು ಈ ಗಡಿಗಿಂತ ಬಹಳ ಕೆಳಗೇ ಇರುತ್ತದೆ. ಅಲ್ಲಿ ನಿಮಗೆ ಕಾಟ ಕೊಡುವುದು ಈಸ್ಟ್. ಬಾಟಲಿಯ ತಳ ಉಬ್ಬಿ, ಮುಚ್ಚಳ ತೆಗೆದಾಗ ಬುಸ್ಸೆಂದು ನೊರೆ ಬಂದರೆ ಅದು ಈಸ್ಟಿನ ಕೆಲಸ. ಒತ್ತಡ ಈಸ್ಟನ್ನು ಸುಲಭವಾಗಿ ಮುಗಿಸುತ್ತದೆ, ಬಣ್ಣ ಉಳಿಯುತ್ತದೆ, ಹಸಿ ಮುರುಗಲಿನ ರುಚಿಯೂ ಉಳಿಯುತ್ತದೆ. ಬಣ್ಣ ಮುಂದೆ ತಿಂಗಳುಗಟ್ಟಲೆ ನಿಲ್ಲಬೇಕಾದರೆ ಬಾಟಲಿಯಲ್ಲಿ ಗಾಳಿ ಉಳಿಯದಂತೆ ತುಂಬಬೇಕು, ತಣ್ಣಗಿಡಬೇಕು. ಒತ್ತಡ ಬಣ್ಣವನ್ನು ಕೆಡಿಸದಿದ್ದರೂ ಗಾಳಿಯ ಆಮ್ಲಜನಕ ಕೆಡಿಸುತ್ತದೆ.

ಕಬ್ಬಿನ ಹಾಲು ಹಾಗಲ್ಲ. ಅದರ ಪಿಎಚ್ 5ಕ್ಕಿಂತ ಮೇಲೆ. ಸಿಹಿಯಿದೆ, ನೀರಿದೆ, ಹುಳಿಯಿಲ್ಲ. ಮಣ್ಣಿಗೆ ತಾಗಿ ಬೆಳೆದ ಕಬ್ಬಿನೊಡನೆ ಸ್ಪೋರುಗಳೂ ಗಾಣಕ್ಕೆ ಬರುತ್ತವೆ. ಒತ್ತಡ ಹಾಕಿದಾಗ ಉಳಿದೆಲ್ಲ ಸೂಕ್ಷ್ಮಾಣು ಸಾಯುತ್ತವೆ, ಸ್ಪೋರ್ ಉಳಿಯುತ್ತದೆ. ಈಗ ಬಾಟಲಿಯಲ್ಲಿ ಅದಕ್ಕೆ ಎದುರಾಳಿಗಳಿಲ್ಲ. ಮಾಮೂಲಿಯಾಗಿ ಕಬ್ಬಿನ ಹಾಲು ಕೆಟ್ಟರೆ ಹುಳಿ ವಾಸನೆ ಬಂದು ಎಚ್ಚರಿಸುತ್ತದೆ, ಈ ಬಾಟಲಿಯಲ್ಲಿ ಎಚ್ಚರಿಸುವ ಸೂಕ್ಷ್ಮಾಣುಗಳೇ ಸತ್ತಿರುತ್ತವೆ. ಅಂಗಡಿಯವರು ರಾತ್ರಿ ಫ್ರಿಜ್ ಆರಿಸಿದರೆ, ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಹೋದರೆ ಸ್ಪೋರಿಗೆ ಅದೇ ಸುಸಮಯ. 2006ರಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ ಬಾಟಲಿ ಕ್ಯಾರೆಟ್ ರಸ ಕುಡಿದು ಕೆಲವರಿಗೆ ಬಾಟ್ಯುಲಿಸಂ ಆಯಿತು. ಆ ರಸವನ್ನು ಒತ್ತಡದಿಂದಲ್ಲ, ಹದವಾದ ಬಿಸಿಯಿಂದ ಸಂಸ್ಕರಿಸಿದ್ದರು, ಆದರೆ ತಪ್ಪಿದ್ದು ಇದೇ ಜಾಗದಲ್ಲಿ: ಹುಳಿಯಿಲ್ಲದ ರಸ, ಸಾಯದೆ ಉಳಿದ ಸ್ಪೋರ್, ತಣ್ಣಗಿಡದ ಬಾಟಲಿ.

ಇದಕ್ಕೆ ಪರಿಹಾರ ನಮ್ಮ ಗಾಣದ ಬಳಿಯೇ ಇದೆ. ಕಬ್ಬಿನ ಹಾಲಿಗೆ ನಿಂಬೆ, ಶುಂಠಿ ಹಿಂಡುವುದು ಹಳೆಯ ರೂಢಿ. ಆ ನಿಂಬೆಯನ್ನು ರುಚಿಗಷ್ಟೇ ಬಿಡದೆ ಅಳತೆ ಮಾಡಿ ಹಾಕಿ. ಪ್ರತಿ ಬ್ಯಾಚಿನ ಪಿಎಚ್ ಅನ್ನು ಮೀಟರಿನಲ್ಲಿ ನೋಡಿ, 4.6ರ ಗಡಿಗೆ ತಾಗಿಸಿ ನಿಲ್ಲಿಸದೆ 4.2ರ ಹತ್ತಿರ ತನ್ನಿ. ಹಾಲು ಕಪ್ಪಾಗುವುದನ್ನೂ ಹುಳಿ ಸ್ವಲ್ಪ ತಡೆಯುತ್ತದೆ. ಕಬ್ಬನ್ನು ಕಪ್ಪಾಗಿಸುವ ಕಿಣ್ವ ಒತ್ತಡಕ್ಕೆ ಪೂರ್ತಿ ಬಗ್ಗುವುದಿಲ್ಲ, ಹಾಗಾಗಿ ಒತ್ತಡ ಹಾಕಿದ ಮೇಲೂ ಬಣ್ಣ ತಿರುಗಿದರೆ ಯಂತ್ರದ ದೋಷ ಎಂದುಕೊಳ್ಳಬೇಡಿ. ಇಷ್ಟಾದ ಮೇಲೂ ಬಾಟಲಿ 4 ಡಿಗ್ರಿಯ ತಂಪಿನಲ್ಲೇ ಹೋಗಬೇಕು, ತಂಪಿನಲ್ಲೇ ಮಾರಾಟವಾಗಬೇಕು. ಹೊಸನಗರದಿಂದ ಬೆಂಗಳೂರಿಗೆ ತಂಪು ವಾಹನದ ವ್ಯವಸ್ಥೆ ಆಗದಿದ್ದರೆ ಕಬ್ಬಿನ ಹಾಲಿನ ಯೋಚನೆಯನ್ನು ಸದ್ಯಕ್ಕೆ ಬಿಡಿ. ಆಲೆಮನೆಯಲ್ಲೇ ಕುಡಿಸಿ, ಉಳಿದದ್ದನ್ನು ಜೋನಿ ಬೆಲ್ಲ ಮಾಡಿ.

ಎರಡೂ ಬೇಡವಾದವು

ನಿಮ್ಮ ಮಿಡಿ ಉಪ್ಪಿನಕಾಯಿಗೆ, ಗಟ್ಟಿ ಮುರುಗಲು ಸಿರಪ್ಪಿಗೆ ಈ ಎರಡೂ ಬೇಡ. ಮಿಡಿಯನ್ನು ಉಪ್ಪು ಕಾದಿದೆ, ಹುಳಿ ಕಾದಿದೆ. ಸಿರಪ್ಪನ್ನು ಸಕ್ಕರೆ ಕಾದಿದೆ, ಹುಳಿ ಕಾದಿದೆ. ಉಪ್ಪು, ಸಕ್ಕರೆ ಎರಡೂ ನೀರನ್ನು ಕಟ್ಟಿಹಾಕಿ ಸೂಕ್ಷ್ಮಾಣುವಿಗೆ ಸಿಗದಂತೆ ಮಾಡುತ್ತವೆ. ಅಲ್ಲಿ ಬೇಕಾದದ್ದು ಒಣಗಿದ ಜಾಡಿ, ಒಣಗಿದ ಸೌಟು, ಅಳತೆ ತಪ್ಪದ ಉಪ್ಪು-ಸಕ್ಕರೆ. ಯಾರಾದರೂ ಅವಕ್ಕೂ ಹೊಸ ಸಂಸ್ಕರಣೆ ಮಾಡಿಸಿ ಎಂದರೆ ಒಪ್ಪಬೇಡಿ.

ಇನ್ನೊಂದು ಮಾತು ಮರೆಯಬೇಡಿ. ಮೆಣಸು ಅರೆಒಣಗಿ ಬೂಷ್ಟು ಹಿಡಿದಾಗ ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತವೆ. ಬೂಷ್ಟನ್ನು ವಿಕಿರಣ ಕೊಲ್ಲುತ್ತದೆ, ಬಿಟ್ಟುಹೋದ ವಿಷವನ್ನು ತೆಗೆಯುವುದಿಲ್ಲ. ಒತ್ತಡವೂ ತೆಗೆಯುವುದಿಲ್ಲ. ಬೂಷ್ಟು ಹಿಡಿದ ಚೀಲವನ್ನು ಯಾವ ಯಂತ್ರವೂ ಒಳ್ಳೆಯ ಮೆಣಸಾಗಿಸದು.

ಹೀಗೆ ಮಾಡಿ

ಮೊದಲು ಅಂಗಳ. ಬಿಡಿಸಿದ ಕಾಳನ್ನು ರಂಧ್ರವಿರುವ ಬುಟ್ಟಿಯಲ್ಲಿ ತುಂಬಿ, ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ. ಸಿಪ್ಪೆಯ ಮೇಲಿನ ಕೊಳೆ, ಸುಲಭದ ಸೂಕ್ಷ್ಮಾಣು ಹೋಗುತ್ತವೆ, ಬೇಗ ಒಣಗುತ್ತದೆ, ಕಪ್ಪು ಹೊಳಪೂ ಬರುತ್ತದೆ. ನೆಲದ ಮೇಲೆ ಬೇಡ, ತೊಳೆದ ಟಾರ್ಪಾಲಿನ ಮೇಲೆ ಅಥವಾ ಎತ್ತರದ ಅಟ್ಟದ ಮೇಲೆ ಒಣಗಿಸಿ. ಸಂಜೆ ಇಬ್ಬನಿ ಬೀಳುವ ಮೊದಲು ಒಳಗೆ ತನ್ನಿ. ಮೊರದಲ್ಲಿ ಕೇರಿ ಜೊಳ್ಳು ತೆಗೆಯಿರಿ. ತೇವಾಂಶ 11ಕ್ಕೆ ಬಂದಿದೆಯೇ ಎಂದು ಮಾಪಕದಲ್ಲಿ ನೋಡಿ ಆಮೇಲೆ ಚೀಲ ಕಟ್ಟಿ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ನಿಮ್ಮ ಮಗ್ಗುಲಲ್ಲೇ ಇದೆ, ಒಣಗಿಸುವ ವಿಧಾನವನ್ನು ಅಲ್ಲಿ ಹೋಗಿ ಕೇಳಿ.

ಆಮೇಲೆ ಮತ್ತೆ ಲ್ಯಾಬಿಗೆ ಕಳಿಸಿ. ಸಂಖ್ಯೆ ಇಳಿದು ಸಾಲ್ಮೊನೆಲ್ಲಾ ಇಲ್ಲ ಎಂದು ಬಂದರೆ ಊರಿನ ಅಂಗಡಿಗಳಿಗೆ ಅಷ್ಟೇ ಸಾಕಾಗಬಹುದು. ಖರೀದಿದಾರರು ಇನ್ನೂ ಕಡಿಮೆ ಬೇಕು ಎಂದರೆ ವಿಕಿರಣಕ್ಕೆ ಹೋಗಿ. ಕೋಲಾರ ಜಿಲ್ಲೆಯ ಮಾಲೂರಿನಲ್ಲಿ ಗಾಮಾ ಘಟಕವಿದೆ, ಇಂಥವು ಬಾಡಿಗೆಗೆ ಕೆಲಸ ಮಾಡಿಕೊಡುತ್ತವೆ. ಪುಡಿಯನ್ನು ಮಾರುವ ಕೊನೆಯ ಪೊಟ್ಟಣದಲ್ಲೇ ತುಂಬಿ ಕಳಿಸಿ. ವಿಕಿರಣ ಮುಂದಿನ ಕಾವಲಲ್ಲ, ಬಂದ ಮೇಲೆ ಬಿಚ್ಚಿ ಬೇರೆ ಪೊಟ್ಟಣಕ್ಕೆ ತುಂಬಿದರೆ ಕೈಯಿಂದ ಮತ್ತೆ ಸೂಕ್ಷ್ಮಾಣು ಸೇರುತ್ತದೆ. ಪೆಟ್ಟಿಗೆಯ ಮೇಲೆ ಬಣ್ಣ ಬದಲಾದ ಚೀಟಿ ಕಂಡರೆ ಕಿರಣ ಬಿದ್ದಿದೆ ಎಂದಷ್ಟೇ ಅರ್ಥ, ಎಷ್ಟು ಬಿದ್ದಿದೆ ಎಂದಲ್ಲ. ಪೆಟ್ಟಿಗೆಯ ಹೊರಬದಿಗೆ ಹೆಚ್ಚು, ನಡುವಿಗೆ ಕಡಿಮೆ ಬೀಳುವುದರಿಂದ ಅತಿ ಕಡಿಮೆ ಮತ್ತು ಅತಿ ಹೆಚ್ಚು ಪ್ರಮಾಣ ಎರಡನ್ನೂ ಬರೆದ ಪ್ರಮಾಣಪತ್ರ ಕೇಳಿ ಪಡೆಯಿರಿ. ಪೊಟ್ಟಣದ ಮೇಲೆ ವಿಕಿರಣದಿಂದ ಸಂಸ್ಕರಿಸಿದ್ದು ಎಂಬ ಬರಹ, ಹಸಿರು ಚಿಹ್ನೆ, ದಿನಾಂಕ, ಘಟಕದ ಪರವಾನಗಿ ಸಂಖ್ಯೆ ಇರಲೇಬೇಕು. ಅದನ್ನು ಮುಚ್ಚಿಡಬೇಡಿ.

ವಿಕಿರಣಕ್ಕೆ ಒಂದು ಪರ್ಯಾಯವೂ ಇದೆ, ಹಬೆ. ಕಾಳನ್ನು ಕೆಲವು ಕ್ಷಣ ಬಿಸಿ ಹಬೆಗೆ ಒಡ್ಡಿ ಒಣಗಿಸುವ ಘಟಕಗಳಿವೆ. ಪರಿಮಳದ ಎಣ್ಣೆ ಸ್ವಲ್ಪ ಹೋಗುತ್ತದೆ, ಆದರೆ ಅತ್ತೆಯವರಂತೆ ಹಸಿರು ಚಿಹ್ನೆಗೆ ಹಿಂಜರಿಯುವ ಗ್ರಾಹಕರಿದ್ದರೆ ಅದು ಒಂದು ದಾರಿ. ಎಥಿಲೀನ್ ಆಕ್ಸೈಡ್ ಅನಿಲ ಹಾಕಿಕೊಡುತ್ತೇವೆ ಎಂದವರಿಗೆ ಮಾತ್ರ ಬೇಡ ಎನ್ನಿ. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಪುರ ನಮ್ಮ ದೇಶದ ಕೆಲವು ಮಸಾಲೆಗಳನ್ನು ತಡೆದದ್ದು ಆ ಅನಿಲದ ಕಾರಣಕ್ಕೇ.

ಎಚ್‌ಪಿಪಿ ಯಂತ್ರದ ಬೆಲೆ ಕೋಟಿಗಳಲ್ಲಿದೆ, ಸಂಘ ಕೊಳ್ಳುವ ಮಾತಲ್ಲ. ಮುರುಗಲು ಪಾನಕವನ್ನು ಬಾಡಿಗೆಗೆ ಮಾಡಿಸುವ ಯೋಚನೆಯಿದ್ದರೆ, ಮೊದಲು ಮೈಸೂರಿನ ಸಿಎಫ್‌ಟಿಆರ್‌ಐಗೆ ಬರೆದು ಒಂದು ಚಿಕ್ಕ ಪ್ರಯೋಗ ಮಾಡಿಸಿ. ಅದು ಮುಗಿಯುವವರೆಗೆ ಗಟ್ಟಿ ಸಿರಪ್ಪನ್ನೇ ಮಾರಿ.

ಅತ್ತೆಯವರಿಗೆ ಈ ಪತ್ರವನ್ನು ಓದಿ ಹೇಳಿ. ಆಮೇಲೂ ಅವರು ಮನೆಯ ಸಾರಿಗೆ ಅಂಗಳದ ಮೆಣಸನ್ನೇ ಹಾಕಿದರೆ ಹಾಕಲಿ, ಅದು ಕುದಿಯುವ ಸಾರು, ರಾತ್ರಿಯಿಡೀ ಹೊರಗಿಡದಿದ್ದರೆ ಸಾಕು. ಸೌತೆಕಾಯಿಯ ಮೇಲೆ ಹಸಿ ಪುಡಿ ಉದುರಿಸಿ ಮೊಮ್ಮಕ್ಕಳಿಗೆ ಕೊಡುವಾಗ ಮಾತ್ರ, ಕುದಿನೀರಿನಲ್ಲಿ ಅದ್ದಿ ಟಾರ್ಪಾಲಿನ ಮೇಲೆ ಒಣಗಿಸಿ, ಲ್ಯಾಬಿನಲ್ಲಿ ಸಾಲ್ಮೊನೆಲ್ಲಾ ಇಲ್ಲವೆಂದು ಖಾತ್ರಿಯಾದ ಮೆಣಸನ್ನು ಬಳಸಲು ಹೇಳಿ.